ಕೈನೂಲು ಗುರುತಿಸಬೇಕೆಂದರೆ ಹುರಿ ನೋಡಿ

ಪ್ರಶ್ನೆ: ಖಾದಿ ಬಟ್ಟೆಗೂ ಕೈಮಗ್ಗದ ಬಟ್ಟೆಗೂ ನನಗೆ ವ್ಯತ್ಯಾಸವೇ ಗೊತ್ತಾಗುತ್ತಿಲ್ಲ. ಎರಡನ್ನೂ ಮಗ್ಗದಲ್ಲೇ ನೇಯುತ್ತಾರಲ್ಲವೇ? ಕೈಯಲ್ಲಿ ನೂತ ನೂಲು ಅಂತ ಬಟ್ಟೆ ನೋಡಿ ತಿಳಿಯೋದು ಹೇಗೆ?

ನೇಯ್ಗೆ ಬಿಡಿ, ನೂಲು ನೋಡಿ. ಕೈಮಗ್ಗದ ಬಟ್ಟೆಗೆ ಸಾಮಾನ್ಯವಾಗಿ ಗಿರಣಿ ನೂಲು ಹಾಕುತ್ತಾರೆ. ಖಾದಿ ಅನ್ನಿಸಿಕೊಳ್ಳಬೇಕಾದರೆ ನೂಲನ್ನೂ ಕೈಯಲ್ಲೇ ತೆಗೆದಿರಬೇಕು. 1956ರ ಖಾದಿ ಆಯೋಗದ ಕಾಯ್ದೆಯ ವ್ಯಾಖ್ಯೆಯೂ ಇದೇ.

ನಾನು ಪೆಟ್ಟಿಗೆ ಚರಕದಲ್ಲಿ ನೂಲುತ್ತೇನೆ. ಬಲಗೈ ಚಕ್ರ ತಿರುಗಿಸುತ್ತಿದ್ದರೆ ಎಡಗೈ ಹತ್ತಿಯ ಹಂಜಿ ಹಿಡಿದು ಹಿಂದಕ್ಕೆ ಸರಿಯುತ್ತದೆ. ನೂಲು ಸುತ್ತಿಕೊಳ್ಳುವ ಕದಿರಿನ ತುದಿಯಿಂದ ಹುರಿ, ಅಂದರೆ ಎಳೆಯ ತಿರುಚು, ಏರಿ ಬರುತ್ತದೆ. ಅದು ಎಳೆಯುದ್ದಕ್ಕೂ ಸಮನಾಗಿ ಹರಡುವುದಿಲ್ಲ, ತೆಳ್ಳಗಿರುವ ಕಡೆಗೇ ಮೊದಲು ಓಡಿ ಬಿಗಿಯಾಗುತ್ತದೆ. ದಪ್ಪಗಿರುವ ಕಡೆ ನಾರು ಸಡಿಲವಾಗಿಯೇ ಇರುತ್ತದೆ, ಇನ್ನೊಂದಿಷ್ಟು ಎಳೆದರೆ ಅದೂ ತೆಳ್ಳಗಾಗುತ್ತದೆ. ಒಂದು ತೋಳುದ್ದ ನೂತು, ಕದಿರಿಗೆ ಸುತ್ತಿ, ಮತ್ತೆ ಶುರು. ಒಂದು ತೋಳುದ್ದದ ಹಾಗೆ ಇನ್ನೊಂದು ಬರುವುದಿಲ್ಲ. ಗಿರಣಿಯಲ್ಲಿ ಉರುಳೆಗಳು ನಾರನ್ನು ಒಂದೇ ವೇಗದಲ್ಲಿ ಎಳೆಯುತ್ತಲೇ ಇರುತ್ತವೆ, ಹುರಿಯೂ ಅದೇ ಲೆಕ್ಕದಲ್ಲಿ ಬೀಳುತ್ತಲೇ ಇರುತ್ತದೆ.

ಕೈನೂಲಿನ ಈ ಏರುಪೇರಿನ ಪರಿಣಾಮ ನನಗೆ ಗೊತ್ತಾದದ್ದು ಮೊದಲ ಲಡಿ ಮುಗಿಸಿದಾಗ. ಸಾವಿರ ಮೀಟರಿಗೆ 40 ಗ್ರಾಂ ತೂಗಿತು, ಅಂದರೆ ಸುಮಾರು 15ನೇ ನಂಬರಿನ ನೂಲು; ನಂಬರು ಹೆಚ್ಚಿದಷ್ಟೂ ನೂಲು ತೆಳು. ನೇಕಾರರು ಒಂದು ಗೇಣು ಹಿಡಿದು ಎಳೆದರು. ತೆಳ್ಳಗಿರುವಲ್ಲಿ ತುಂಡಾಗುತ್ತದೆ ಅಂದುಕೊಂಡಿದ್ದೆ. ಆದರೆ ದಪ್ಪಗಿದ್ದಲ್ಲಿ ನಾರು ಜಾರಿ ಬಿಟ್ಟುಕೊಂಡಿತು, ಅಲ್ಲಿ ಹುರಿಯೇ ಇರಲಿಲ್ಲ. "ಹಾಸಿನ ಎಳೆಗೆ ಬೇಡ, ಹೊಕ್ಕಿನ ಎಳೆಗೆ ಕೊಡಿ" ಅಂದರು. ಉದ್ದಕ್ಕೆ ಹಾಯುವ ಹಾಸಿನ ಎಳೆ ಮಗ್ಗದ ಮೇಲೆ ಇಡೀ ಹೊತ್ತು ಬಿಗಿದಿರಬೇಕು, ಹಣಿಗೆಯ ಉಜ್ಜಾಟ ತಾಳಬೇಕು. ಅಡ್ಡಕ್ಕೆ ಹಾಯುವ ಹೊಕ್ಕಿನ ಎಳೆಗೆ ಅಷ್ಟು ಕಷ್ಟವಿಲ್ಲ.

ಆ ಸಡಿಲ ಜಾಗಗಳೇ ಬಟ್ಟೆಯಲ್ಲಿ ಮೆತ್ತಗಿನ ಉಬ್ಬುಗಳಾಗುತ್ತವೆ. ಎರಡು ಮೂರು ಒಗೆತದಲ್ಲಿ ಗಂಜಿ ಹೋದಮೇಲೆ ಅವು ಅರಳಿ ಬೆವರು ಹೀರುತ್ತವೆ. ಉಜ್ಜಿದಲ್ಲಿ ಮೊದಲು ಜುಂಗು ಏಳುವುದೂ ಅಲ್ಲೇ, ಅದನ್ನು ಮುಚ್ಚಿಡುವುದಿಲ್ಲ.

ಈಗ ನಿಮ್ಮ ಬಟ್ಟೆ. ಕತ್ತರಿಸಿದ ಅಂಚಿನಿಂದ ಹೊಕ್ಕಿನ ಎಳೆಯೊಂದನ್ನು ಗೇಣುದ್ದ ಬಿಡಿಸಿ ಕಪ್ಪು ಕಾಗದದ ಮೇಲಿಡಿ. ದಪ್ಪಗಿರುವಲ್ಲಿ ಒಂದು ಅಂಗುಲ, ತೆಳ್ಳಗಿರುವಲ್ಲಿ ಒಂದು ಅಂಗುಲ ಹಿಡಿದು ಹುರಿ ಬಿಚ್ಚುತ್ತಾ ಸುತ್ತು ಎಣಿಸಿ. ಕೈನೂಲಾದರೆ ಎರಡು ಕಡೆಯೂ ಎಣಿಕೆ ಎದ್ದು ಕಾಣುವಷ್ಟು ಬೇರೆಯಾಗುತ್ತದೆ. ಮಾಮೂಲಿ ಗಿರಣಿ ನೂಲಿನಲ್ಲಿ ದಪ್ಪ, ತೆಳು ಹುಡುಕುವುದೇ ಕಷ್ಟ. ಬೇಕೆಂದೇ ಗಂಟು ಗಂಟಾಗಿ ತೆಗೆದ ಗಿರಣಿ ನೂಲೂ ಬರುತ್ತದೆ, ಆದರೆ ಅದರಲ್ಲಿ ಉಬ್ಬುಗಳ ನಡುವಿನ ಎಳೆ ನುಣ್ಣಗೆ, ಒಂದೇ ಸಮ ಇರುತ್ತದೆ.

ಅಂಬರ ಚರಕದ ನೂಲಿಗೆ ಮಾತ್ರ ಈ ಪರೀಕ್ಷೆ ಸಾಲದು. ಕೈಯಲ್ಲೇ ತಿರುಗಿಸಿದರೂ ಅದರಲ್ಲಿ ಉರುಳೆಗಳಿವೆ, ಹಲವು ಕದಿರುಗಳಿವೆ, ನೂಲು ಗಿರಣಿಯದಕ್ಕೆ ಹತ್ತಿರವೇ ಬರುತ್ತದೆ. ಅಂಥ ಬಟ್ಟೆಯಾದರೆ ಎಳೆ ಬಿಡಿಸುವುದಕ್ಕಿಂತ ಖಾದಿ ಮಾರ್ಕ್ ಚೀಟಿ ಇದೆಯೇ ನೋಡಿ.