ಒಂದೇ ಬ್ಯಾಂಕಿನ ಎರಡು ಶಾಖೆ, ವಿಮೆ ಎಷ್ಟು?

"ಒಂದೇ ಸಹಕಾರಿ ಬ್ಯಾಂಕಿನ ಸಿಂಧನೂರು ಶಾಖೆಯಲ್ಲಿ 4 ಲಕ್ಷ, ರಾಯಚೂರು ಶಾಖೆಯಲ್ಲಿ 4 ಲಕ್ಷ ಎಫ್‌ಡಿ ಇದೆ. ಬ್ಯಾಂಕ್ ಮುಳುಗಿದ್ರೆ ಎರಡೂ ಸಿಗುತ್ತಾ?"

ಪೂರ್ತಿ ಗ್ಯಾರಂಟಿ ಇಲ್ಲ ಅಣ್ಣಾ. ಬ್ಯಾಂಕ್ ಠೇವಣಿಗೆ ವಿಮೆ ಕೊಡುವ ಡಿಐಸಿಜಿಸಿ ಸಂಸ್ಥೆ ಶಾಖೆ ನೋಡುವುದಿಲ್ಲ. ಒಂದು ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಉಳಿತಾಯ ಖಾತೆ, ಎಫ್‌ಡಿ, ಬಡ್ಡಿ ಎಲ್ಲ ಕೂಡಿಸಿ 5 ಲಕ್ಷದವರೆಗೆ ಮಾತ್ರ. ನಿಮ್ಮ 8 ಲಕ್ಷಕ್ಕೆ 40 ಸಾವಿರ ಬಡ್ಡಿ ಸೇರಿದ್ದರೆ 3.4 ಲಕ್ಷ ವಿಮೆಯ ಹೊರಗೆ ಉಳಿಯುತ್ತದೆ. ರಿಸರ್ವ್ ಬ್ಯಾಂಕ್ ಹಣ ತೆಗೆಯುವುದನ್ನು ತಡೆದರೆ ವಿಮೆಯ ಹಣ ಸಾಮಾನ್ಯವಾಗಿ 90 ದಿನದೊಳಗೆ ಬರುತ್ತದೆ. ಉಳಿದದ್ದಕ್ಕೆ ಬ್ಯಾಂಕಿನ ಸಾಲ ವಸೂಲಿಯಾಗಿ, ಆಸ್ತಿ ಮಾರಾಟವಾಗುವವರೆಗೆ ಕಾಯಬೇಕು.

ಅವಧಿ ಮುಗಿದ ಮೇಲೆ ಒಂದು ಎಫ್‌ಡಿಯನ್ನು ಬೇರೆ ಬ್ಯಾಂಕಿಗೆ ಹಾಕಿ. ಎರಡೂ ಕಡೆ ಬೇರೆ ಬೇರೆ 5 ಲಕ್ಷದ ರಕ್ಷಣೆ ಸಿಗುತ್ತದೆ, ಬಡ್ಡಿಗೂ ಜಾಗ ಇರುತ್ತದೆ. ಜಾಸ್ತಿ ಬಡ್ಡಿ ಅಂತ ಸುಮ್ನೆ ಪತ್ತಿನ ಸೊಸೈಟಿಗೆ ಹಾಕಬೇಡಿ, ಅದಕ್ಕೆ ಈ ವಿಮೆಯೇ ಇಲ್ಲ.