ಅಮ್ಮನ ಸೀರೆಯ ಮೇಲೆ ಬಿದ್ದ ನನ್ನದೇ ನೆರಳು

ಪ್ರಶ್ನೆ: ಬೇಕಲ ಕೋಟೆಯಲ್ಲಿ ಬೆಳಿಗ್ಗೆ, ಹಿಂದೆ ಸಮುದ್ರ ಬರುವ ಹಾಗೆ ಅಮ್ಮನ ಫೋಟೊ ತೆಗೆದೆ. ನನ್ನ ನೆರಳು ಮುರಕಲ್ಲಿನ ನೆಲದ ಮೇಲೆ ಹಾದು ಅಮ್ಮನ ಸೀರೆಯ ನೆರಿಗೆಗೂ ಹತ್ತಿದೆ. ಮೊಬೈಲಿನ ಹೀಲಿಂಗ್‌ನಲ್ಲಿ ಉಜ್ಜಿದರೆ ನೆರಿಗೆ ಕಲಸಿಹೋಗುತ್ತದೆ. ಹೇಗೆ ತೆಗೆಯಲಿ?
— ಓದುಗರೊಬ್ಬರು, ಕುಂಬಳೆ

ಉತ್ತರ: ಮೊದಲು ಮೊಣಕಾಲಿನ ಮೇಲಕ್ಕೆ ಕತ್ತರಿಸಿ ನೋಡಿ. ಚಿತ್ರ ಚೆನ್ನಾಗಿ ನಿಂತರೆ ಅಲ್ಲಿಗೇ ಕೆಲಸ ಮುಗಿಯಿತು. ಪಾದದವರೆಗೂ ಬೇಕೆಂದಾದರೆ ಸೀರೆಗೊಂದು, ನೆಲಕ್ಕೊಂದು ಬೇರೆ ಬೇರೆ ವಿಧಾನ ಬೇಕು.

ಬೆಳಗಿನ ಬಿಸಿಲು ನಿಂತವರ ಬಟ್ಟೆಗೆ ಹೆಚ್ಚುಕಡಿಮೆ ನೇರವಾಗಿ ಬಡಿಯುತ್ತದೆ, ನೆಲವನ್ನು ಮಾತ್ರ ಸವರಿಕೊಂಡು ಹೋಗುತ್ತದೆ. ಹಾಗಾಗಿ ಬಿಸಿಲಿಗೂ ನೆರಳಿಗೂ ಇರುವ ಅಂತರ ನೆಲಕ್ಕಿಂತ ಸೀರೆಯಲ್ಲೇ ಹೆಚ್ಚು. ಎರಡಕ್ಕೂ ಒಂದೇ ತಿದ್ದುಪಡಿ ಹಾಕಿದರೆ ಒಂದಲ್ಲ ಒಂದು ಕೆಡುತ್ತದೆ. ಸೀರೆಯ ಮೇಲಿನ ನೆರಳಿನಲ್ಲಿ ನೇಯ್ಗೆಯೂ ನೆರಿಗೆಯೂ ಅಳಿಯದೆ ಉಳಿದಿರುತ್ತವೆ. ಅದನ್ನು ಅಳಿಸಬಾರದು, ಬೆಳಗಿಸಬೇಕು.

ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಗಿಂಪ್ ಸಾಕು. ಚಿತ್ರದ ಪದರವನ್ನು ನಕಲು ಮಾಡಿ. ಬಣ್ಣ ಹೆಕ್ಕುವ Color Picker ಸಾಧನದಲ್ಲಿ Sample average ಆಯ್ದು, ಸೀರೆಯ ಒಂದೇ ನೆರಿಗೆಯಲ್ಲಿ ನೆರಳಿನ ಗೆರೆಯ ಮೇಲೊಮ್ಮೆ, ಕೆಳಗೊಮ್ಮೆ ಅಳೆಯಿರಿ. ಕೆನೆಬಣ್ಣದ ಸೀರೆಯಾದರೆ ಬಿಸಿಲಿನಲ್ಲಿ ಕೆಂಪು 214, ಹಸಿರು 196, ನೀಲಿ 158 ಬಂತೆನ್ನಿ. ನೆರಳಿನಲ್ಲಿ 96, 100, 98. ಕೆಂಪು ಅರ್ಧಕ್ಕೂ ಕೆಳಗಿಳಿದಿದೆ, ನೀಲಿ ಅಷ್ಟು ಇಳಿದಿಲ್ಲ. ನೆರಳಿಗೆ ಬೆಳಕು ಕೊಡುವುದು ನೀಲಿ ಆಕಾಶ, ಅದಕ್ಕೇ ಹೀಗೆ. ಬರೀ ಬೆಳಕು ಏರಿಸಿದರೆ ಸೀರೆ ಮಾಸಿದ ನೀಲಿಯಾಗಿ ಕಾಣುವುದೂ ಇದರಿಂದಲೇ. ಆದ್ದರಿಂದ Colors > Curves ತೆರೆದು ಕೆಂಪಿನ ಗೆರೆಯಲ್ಲಿ 96ನ್ನು 214ಕ್ಕೆ, ಹಸಿರಿನಲ್ಲಿ 100ನ್ನು 196ಕ್ಕೆ, ನೀಲಿಯಲ್ಲಿ 98ನ್ನು 158ಕ್ಕೆ ಎತ್ತಿ. ಇಡೀ ಚಿತ್ರ ಬೆಳ್ಳಗಾದರೆ ಗಾಬರಿ ಬೇಡ. ಆ ಪದರಕ್ಕೆ ಕಪ್ಪು ಮಾಸ್ಕ್ ಹಾಕಿ, ಸೀರೆಯ ಮೇಲೆ ನೆರಳಿದ್ದಲ್ಲಿ ಮಾತ್ರ ಬಿಳಿ ಬ್ರಷ್ ಆಡಿಸಿ.

ಕೆಲಸ ಹೆಚ್ಚಾಗಿ ಕೆಡುವುದು ಅಂಚಿನಲ್ಲಿ. ಸೂರ್ಯ ಒಂದು ಚುಕ್ಕಿಯಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ಬಿಂಬ. ಆದ್ದರಿಂದ ನೆರಳು ಬೀಳುವ ದೂರ ಒಂದು ಮೀಟರ್ ಹೆಚ್ಚಿದಂತೆ ಅದರ ಅಂಚು ಸುಮಾರು ಒಂದು ಸೆಂಟಿಮೀಟರ್ ಮಸುಕಾಗುತ್ತದೆ. ನಿಮ್ಮ ಎತ್ತರ 1.7 ಮೀಟರ್, ಅಮ್ಮ ಮೂರೂವರೆ ಮೀಟರ್ ದೂರ, ಸೂರ್ಯ ದಿಗಂತದಿಂದ 20 ಡಿಗ್ರಿ ಮೇಲೆ ಎಂದಿಟ್ಟುಕೊಳ್ಳಿ. ಆಗ ನಿಮ್ಮ ತಲೆಯ ನೆರಳು ಅಮ್ಮನ ಮೊಣಕಾಲಿನ ಸುತ್ತಮುತ್ತ ಬೀಳುತ್ತದೆ, ಅದರ ಅಂಚು ಮೂರೂವರೆ ಸೆಂಟಿಮೀಟರಿನಷ್ಟು ಮಸುಕು. ಚಿತ್ರದಲ್ಲಿ ಅಮ್ಮ 2400 ಪಿಕ್ಸೆಲ್ ಎತ್ತರವಿದ್ದರೆ ಅದು 50 ಪಿಕ್ಸೆಲ್ ಚಿಲ್ಲರೆ. ಬ್ರಷ್ಷಿನ ಅಂಚು ಅಷ್ಟೇ ಮೆತ್ತಗಿರಲಿ. ನೆರಳಿನ ಹೊರಗೆ ಬಿಳಿ ಗೆರೆ ಮೂಡಿದರೆ ಮಾಸ್ಕ್ ಆಚೆ ಹೋಗಿದೆ, ಒಳಗೆ ಕಪ್ಪು ಗೆರೆ ಉಳಿದರೆ ಈಚೆಗೇ ನಿಂತಿದೆ ಎಂದು ತಿಳಿಯಿರಿ. ಇಷ್ಟು ಎತ್ತಿದಾಗ ಸ್ವಲ್ಪ ಕಾಳುಕಾಳು ಕಾಣಿಸುವುದು ಸಹಜ. ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರತಿಯಲ್ಲಿ ಮಾತ್ರ ಈ ಕೆಲಸಕ್ಕೆ ಇಳಿಯಬೇಡಿ, ಚೌಕಚೌಕವಾಗಿ ಒಡೆಯುತ್ತದೆ. ಕ್ಯಾಮೆರಾದ ಮೂಲ ಫೈಲನ್ನೇ ಬಳಸಿ.

ಇನ್ನು ನೆಲ. ಬಿಸಿಲಿನಲ್ಲಿರುವ ಮುರಕಲ್ಲಿನ ಪ್ರತಿ ತೂತಿಗೂ ಒಂದು ಬದಿ ಬೆಳಕು, ಒಂದು ಬದಿ ಕಪ್ಪು. ನಿಮ್ಮ ನೆರಳಿನೊಳಗೆ ಆ ಭೇದ ಇರುವುದೇ ಇಲ್ಲ. ಎಷ್ಟು ಬೆಳಗಿಸಿದರೂ ಅಲ್ಲಿ ಕಲ್ಲು ಚಪ್ಪಟೆಯಾಗಿ, ಬಣ್ಣ ಬಳಿದಂತೆ ಕಾಣುತ್ತದೆ. ಇಲ್ಲಿ ಬಿಸಿಲಿನ ನೆಲವನ್ನೇ Clone ಸಾಧನದಿಂದ ತಂದು ಮುಚ್ಚಬೇಕು. ತರುವುದು ನೆರಳಿನ ಎಡದಿಂದ ಅಥವಾ ಬಲದಿಂದ, ಅದೇ ಮಟ್ಟದಿಂದ ಇರಲಿ. ಮೇಲಿನಿಂದ ತಂದರೆ ದೂರದ ಸಣ್ಣ ತೂತುಗಳು ಹತ್ತಿರಕ್ಕೆ ಬಂದು ಕೂರುತ್ತವೆ. ತಿರುಗಿಸಿ ಅಂಟಿಸಿದರೆ ತೂತುಗಳ ಕಪ್ಪು ಬದಿ ಸೂರ್ಯನ ದಿಕ್ಕಿಗೆ ವಿರುದ್ಧವಾಗುತ್ತದೆ. ಒಂದೇ ಜಾಗದಿಂದ ಪದೇ ಪದೇ ತೆಗೆಯಬೇಡಿ, ಎದ್ದುಕಾಣುವ ಒಂದು ದೊಡ್ಡ ತೂತು ಎರಡು ಕಡೆ ಕಂಡರೆ ಸಾಕು, ಗುಟ್ಟು ರಟ್ಟು. ಹೀಲಿಂಗನ್ನು ಕೊನೆಗೆ, ಸುತ್ತಲೂ ಬಿಸಿಲೇ ಇರುವಲ್ಲಿ ಮಾತ್ರ ಬಳಸಿ. ಅದು ಅಂಚಿನ ಬಣ್ಣವನ್ನು ಒಳಗೆ ಬೆರೆಸುವ ಸಾಧನ, ನೆರಳಿಗೆ ತಾಗಿದರೆ ಕಪ್ಪು ಕೊಳೆಯೂ ಒಳಗೆ ಬರುತ್ತದೆ.

ಅಮ್ಮನ ಪಾದದ ಹಿಂದೆ ಅವರದೇ ನೆರಳಿರುತ್ತದೆ, ಅದನ್ನು ಮುಟ್ಟಬೇಡಿ. ಅದೂ ಹೋದರೆ ಅಮ್ಮ ನೆಲ ಬಿಟ್ಟು ತೇಲುತ್ತಾರೆ.

ಬೇಕಲದಲ್ಲಿ ಸಮುದ್ರ ಪಶ್ಚಿಮಕ್ಕೆ, ಬೆಳಗಿನ ಸೂರ್ಯ ನಿಮ್ಮ ಬೆನ್ನಿಗೆ. ನೆರಳು ಚೌಕಟ್ಟಿನೊಳಗೆ ಬರದೆ ಇರುವುದಿಲ್ಲ. ಅದೇ 20 ಡಿಗ್ರಿ ಬಿಸಿಲಿನಲ್ಲಿ ನಿಂತವರ ನೆರಳು 4.7 ಮೀಟರ್ ಹೋಗುತ್ತದೆ. ತಲೆ ಒಂದು ಮೀಟರ್ ಎತ್ತರಕ್ಕೆ ಬರುವಂತೆ ಕುಕ್ಕರುಗಾಲಿನಲ್ಲಿ ಕೂತರೆ ಮೂರು ಮೀಟರಿನೊಳಗೇ ನಿಲ್ಲುತ್ತದೆ, ಮೂರೂವರೆ ಮೀಟರ್ ಆಚೆಗಿರುವ ಸೀರೆಗೆ ತಾಗುವುದಿಲ್ಲ. ನಿಂತೇ ತೆಗೆಯುವುದಾದರೆ ಆರು ಮೀಟರಿಗೆ ಹಿಂದೆ ಸರಿದು 2x ಲೆನ್ಸ್ ಬಳಸಿ. ನೆರಳಿನ ಹೆಚ್ಚಿನ ಭಾಗ ಚೌಕಟ್ಟಿನ ಕೆಳಗೇ ಉಳಿಯುತ್ತದೆ.