ಅವಳಿ ಮಕ್ಕಳಿಗೆ ಒಂದೇ ಮಾಸು: ತವರಿಗೆ ಹೋಗಲೇ, ಇಲ್ಲೇ ಇರಲೇ?

ಪ್ರಶ್ನೆ: ನನಗೀಗ 13ನೇ ವಾರ, ಅವಳಿ. ಕಳೆದ ವಾರದ ಸ್ಕ್ಯಾನ್ ರಿಪೋರ್ಟಿನಲ್ಲಿ ‘ಎಂಸಿಡಿಎ, ಟಿ ಸೈನ್’ ಎಂದಿದೆ. 16ನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಸ್ಕ್ಯಾನ್ ಬೇಕು ಅಂತ ಡಾಕ್ಟರ್ ಹೇಳುತ್ತಾರೆ. ಅತ್ತೆಗೆ ಅಷ್ಟು ಸ್ಕ್ಯಾನ್ ಮಗುವಿಗೆ ಆಗದೇನೋ ಎಂಬ ಭಯ. ಚಿಕ್ಕಮ್ಮನ ಅವಳಿಗಳು ಮೂರೇ ಸ್ಕ್ಯಾನಿನಲ್ಲಿ ಸುಖವಾಗಿ ಹುಟ್ಟಿದವಂತೆ. ಐದು ತಿಂಗಳವರೆಗೆ ಚಿಕ್ಕಮಗಳೂರಿನ ತವರಲ್ಲಿರುವ ಆಸೆ ನನಗೆ. ಏನು ಮಾಡಲಿ?
— ಬೆಂಗಳೂರಿನ ಓದುಗರು

ಉತ್ತರ: ಚಿಕ್ಕಮ್ಮನ ಮಕ್ಕಳಿಗೆ ಬಹುಶಃ ಬೇರೆ ಬೇರೆ ಮಾಸು ಇದ್ದಿರಬೇಕು. ಅಂಥವರಿಗೆ ತಿಂಗಳಿಗೊಂದು ಸ್ಕ್ಯಾನ್ ಸಾಕು. ನಿಮ್ಮದು ಎಂಸಿಡಿಎ, ಅಂದರೆ ಮಕ್ಕಳಿಗೆ ಒಂದೇ ಮಾಸು, ನೀರಿನ ಚೀಲ ಮಾತ್ರ ಎರಡು.

ಇದನ್ನು ಹೇಳುವುದು ನಡುವಿನ ಪೊರೆ. ಅದು ಮಾಸನ್ನು ಸೇರುವ ಕಡೆ ಮಾಸಿನ ಅಂಶ ತ್ರಿಕೋನವಾಗಿ ಒಳಗೆ ನುಗ್ಗಿದ್ದರೆ ಲ್ಯಾಂಬ್ಡಾ ಸೈನ್: ಎರಡು ಮಾಸು, ಅಂಟಿಕೊಂಡು ಒಂದರಂತೆ ಕಂಡರೂ ಸರಿ. ತೆಳು ಪೊರೆ ನೇರವಾಗಿ ಬಂದು ತಾಗಿದರೆ ಟಿ ಸೈನ್: ಒಂದೇ ಮಾಸು. 11ರಿಂದ 14 ವಾರದೊಳಗೆ ಇದು ಚೆನ್ನಾಗಿ ಕಾಣುತ್ತದೆ, ಆಮೇಲೆ ಆ ತ್ರಿಕೋನ ಮಾಸುತ್ತಾ ಹೋಗುವುದರಿಂದ ನಂಬುವುದು ಕಷ್ಟ. ಹಾಗಾಗಿ ಆ ಸ್ಕ್ಯಾನಿನ ಚಿತ್ರಗಳನ್ನು ಜೋಪಾನವಾಗಿಡಿ.

ಒಂದೇ ಮಾಸಿನಲ್ಲಿ ಎರಡೂ ಮಕ್ಕಳ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಹೆಚ್ಚಿನವರಲ್ಲಿ ಕೊಟ್ಟು ತೆಗೆದುಕೊಳ್ಳುವುದು ಸರಿಸಮ. ನೂರರಲ್ಲಿ ಸುಮಾರು 10–15 ಮಂದಿಯಲ್ಲಿ ಮಾತ್ರ ರಕ್ತ ಒಂದೇ ಕಡೆಗೆ ವಾಲುತ್ತದೆ. ಕೊಡುವ ಮಗುವಿಗೆ ಮೂತ್ರ ಕಡಿಮೆಯಾಗಿ ಅದರ ಚೀಲದ ನೀರು ಬತ್ತುತ್ತದೆ. ಪಡೆಯುವ ಮಗುವಿನ ಚೀಲ ಉಬ್ಬಿ, ಅದರ ಹೃದಯಕ್ಕೆ ಭಾರ ಬೀಳುತ್ತದೆ.

16ನೇ ವಾರದಲ್ಲಿ ಎರಡೂ ಚೀಲಗಳ ನೀರಿನ ಆಳ 4 ಸೆಂ.ಮೀ. ಆಸುಪಾಸು ಇತ್ತು ಎನ್ನಿ. 18ರಲ್ಲಿ ಒಂದು 1.5, ಇನ್ನೊಂದು 9 ಆಗಿದ್ದರೆ, 2ಕ್ಕಿಂತ ಕಡಿಮೆ ಮತ್ತು 8ಕ್ಕಿಂತ ಹೆಚ್ಚು ಎಂಬ ಎರಡೂ ಗಡಿ ದಾಟಿದಂತೆ. ಆಗ ತಡಮಾಡದೆ ಹೊಟ್ಟೆಯೊಳಗಿನ ಮಗುವಿಗೆ ಚಿಕಿತ್ಸೆ ನೀಡುವ ಫೀಟಲ್ ಮೆಡಿಸಿನ್ ತಜ್ಞರ ಬಳಿ ಹೋಗಬೇಕು. ಕೂಡಿದ ನಾಳಗಳನ್ನು ಲೇಸರ್‌ನಿಂದ ಮುಚ್ಚುವ ಚಿಕಿತ್ಸೆ ಇದೆ. 20ನೇ ವಾರಕ್ಕೆ ನೇರವಾಗಿ ಹೋದವರಿಗೆ ಈ ನಡುವಿನ ದಿನಗಳು ಕೈತಪ್ಪುತ್ತವೆ. ಅಲ್ಟ್ರಾಸೌಂಡ್ ಶಬ್ದತರಂಗ, ಎಕ್ಸ್‌ರೇ ಅಲ್ಲ, ಅಂತ ಅತ್ತೆಯವರಿಗೆ ಹೇಳಿ.

ತವರಿಗೆ ಈಗಲೇ ಹೋಗಿ, 16ಕ್ಕೆ ಮರಳಿ ಬನ್ನಿ. ಮುಂದೆಯೂ ಅಲ್ಲೇ ಇರಬೇಕೆಂದರೆ ಅಲ್ಲಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮೊದಲೇ ವಿಚಾರಿಸಿ: ಪ್ರತಿ ಮಗುವಿನ ನೀರಿನ ಆಳ, ಮೂತ್ರಕೋಶ, ತೂಕ, ರಕ್ತದ ಹರಿವು ತೋರಿಸುವ ಡಾಪ್ಲರ್ ಬೇರೆ ಬೇರೆಯಾಗಿ ಬರೆದು ಕೊಡುತ್ತಾರೆಯೇ? ಬರಿಯ ‘ಎರಡೂ ಹೃದಯಬಡಿತ ಚೆನ್ನಾಗಿದೆ’ ಎಂಬ ರಿಪೋರ್ಟು ನಿಮಗೆ ಸಾಲದು. ಎರಡು ಸ್ಕ್ಯಾನಿನ ನಡುವೆ ಹೊಟ್ಟೆ ದಿಢೀರನೆ ದೊಡ್ಡದಾಗಿ ಬಿಗಿದರೆ, ಉಸಿರು ಕಟ್ಟಿದರೆ, ದಿನಾಂಕ ಕಾಯದೆ ಹೋಗಿ. ಎಲ್ಲ ಸರಿಯಿದ್ದರೂ ಹೆರಿಗೆ ಸಾಮಾನ್ಯವಾಗಿ 36ನೇ ವಾರಕ್ಕೆ. ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಯನ್ನು ಈಗಲೇ ಗೊತ್ತುಮಾಡಿಕೊಳ್ಳಿ.